ನಾಲ್ಕನೆಯ ಅಂದಾಜಿನಲ್ಲಿ ಕರಗಿಹೋದ ಪರಿಣಾಮ: ಕಾರ್ಮಿಕ ಕಾನೂನು ಮತ್ತು 16 ರಾಜ್ಯಗಳ ಒಂದು ಪ್ರಕರಣ

ಕ್ವಾರ್ಟರ್ಲಿ ಜರ್ನಲ್ ಆಫ್ ಇಕನಾಮಿಕ್ಸ್ ಪತ್ರಿಕೆಯ 2004ರ ಫೆಬ್ರುವರಿ ಸಂಚಿಕೆಯಲ್ಲಿ ಭಾರತದ ಕಾರ್ಮಿಕ ಕಾನೂನಿನ ಬಗ್ಗೆ ಒಂದು ಪ್ರಬಂಧ ಬಂತು. ಬರೆದವರು ಟಿಮೊಥಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕೇಂದ್ರದ್ದಾದರೂ ಅದಕ್ಕೆ ರಾಜ್ಯಗಳು ತಮ್ಮದೇ ತಿದ್ದುಪಡಿ ತರಬಹುದಿತ್ತು. ಕಾರ್ಮಿಕರ ಪರವಾಗಿ ತಿದ್ದುಪಡಿ ತಂದ ರಾಜ್ಯಗಳಲ್ಲಿ ನೋಂದಾಯಿತ ಕಾರ್ಖಾನೆಗಳ ಉತ್ಪಾದನೆ, ಉದ್ಯೋಗ, ಹೂಡಿಕೆ ಮೂರೂ ಕುಗ್ಗಿದವು ಎಂಬುದು ಪ್ರಬಂಧದ ತೀರ್ಮಾನ. ನಗರದ ಬಡತನ ಹೆಚ್ಚುವುದಕ್ಕೂ ಈ ತಿದ್ದುಪಡಿಗಳಿಗೂ ನಂಟಿದೆ ಎಂದೂ ಲೇಖಕರು ತೋರಿಸಿದರು. ಕಾರ್ಮಿಕ ಕಾನೂನು ಸಡಿಲವಾಗಬೇಕೆಂದು ವಾದಿಸುವವರಿಗೆ ಇದು ಬಹುಕಾಲ ಕೈಗೆಟುಕುವ ಆಧಾರವಾಯಿತು.

ಈ ಪ್ರಬಂಧವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣ ಅದರ ರಾಜಕೀಯವಲ್ಲ. ವರ್ಷದಿಂದ ವರ್ಷಕ್ಕೆ ತಾನಾಗಿಯೇ ಒಂದೇ ದಿಕ್ಕಿಗೆ ಸರಿಯುವ ಅಂಕಿಅಂಶಗಳು ಹೇಗೆ ಕಾರ್ಯಕಾರಣದ ವೇಷ ತೊಡುತ್ತವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಭಾರತೀಯ ಉದಾಹರಣೆ ನನಗೆ ಗೊತ್ತಿಲ್ಲ. ಸುಳಿವು ಪ್ರಬಂಧದ ಒಳಗೇ ಇದೆ. ಲೇಖಕರು ಅದನ್ನು ಬಚ್ಚಿಡದೆ ಕೋಷ್ಟಕದಲ್ಲಿ ಅಚ್ಚು ಹಾಕಿದ್ದಾರೆ. ಆ ಪ್ರಾಮಾಣಿಕತೆಗೆ ಅಂಕ ಕೊಡಲೇಬೇಕು.

ಮೊದಲು ಅಳತೆಗೋಲು ಏನೆಂದು ನೋಡೋಣ. 1958ರಿಂದ 1992ರವರೆಗೆ 16 ದೊಡ್ಡ ರಾಜ್ಯಗಳು ತಂದ ಪ್ರತಿಯೊಂದು ತಿದ್ದುಪಡಿಯನ್ನೂ ಲೇಖಕರು ಓದಿದರು. ಕಾರ್ಮಿಕರ ಪರವಾದದ್ದಕ್ಕೆ +1, ಮಾಲೀಕರ ಪರವಾದದ್ದಕ್ಕೆ −1, ಎರಡೂ ಅಲ್ಲದ್ದಕ್ಕೆ 0 ಕೊಟ್ಟರು. ಒಂದು ವರ್ಷದಲ್ಲಿ ಒಂದೇ ದಿಕ್ಕಿನ ಹಲವು ತಿದ್ದುಪಡಿಗಳು ಬಂದರೂ ಒಂದು ಅಂಕ ಮಾತ್ರ. ಆಮೇಲೆ ಈ ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಹೋದರು. ಹೀಗೆ ಪ್ರತಿ ರಾಜ್ಯಕ್ಕೂ ಪ್ರತಿ ವರ್ಷಕ್ಕೂ ಒಂದು ಸೂಚ್ಯಂಕ ಸಿಕ್ಕಿತು. ಅವಧಿಯ ಕೊನೆಗೆ ಪಶ್ಚಿಮ ಬಂಗಾಳ, ಮಹಾರಾಷ್ಟ್ರ, ಗುಜರಾತ್, ಒಡಿಶಾ ಕಾರ್ಮಿಕರ ಪರ ಎನಿಸಿಕೊಂಡವು. ಕರ್ನಾಟಕವು ಆಂಧ್ರ, ತಮಿಳುನಾಡು, ಕೇರಳ, ರಾಜಸ್ಥಾನ, ಮಧ್ಯಪ್ರದೇಶಗಳ ಜೊತೆ ಮಾಲೀಕರ ಪರ ಗುಂಪಿಗೆ ಸೇರಿತು. ಉಳಿದ ಆರು ರಾಜ್ಯಗಳಲ್ಲಿ ಸೂಚ್ಯಂಕ ಸೊನ್ನೆಯಲ್ಲೇ ನಿಂತಿತ್ತು.

ಹಲವು ಘಟಕಗಳನ್ನು ಹಲವು ವರ್ಷ ಅಳೆದ ಪ್ಯಾನೆಲ್ ದತ್ತಾಂಶದ ಪ್ರಬಂಧ ಕೈಗೆ ಬಂದಾಗ ಗುಣಾಂಕದ ಕಡೆ ಕಣ್ಣು ಹಾಯಿಸುವ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಂದು ರಾಜ್ಯವನ್ನು ಮಾತ್ರ ಹಿಡಿದು, ಕಾಲದ ಉದ್ದಕ್ಕೂ ಈ ಚರಾಂಶದ ಚಿತ್ರ ಬರೆದರೆ ಅದು ಹೇಗೆ ಕಾಣುತ್ತದೆ? ಇಲ್ಲಿ ಉತ್ತರ ಸುಲಭ. ಕೂಡಿಸುತ್ತ ಹೋದ ಸೂಚ್ಯಂಕವಾದ್ದರಿಂದ ಅದು ಮೆಟ್ಟಿಲು. ಬಂಗಾಳದಲ್ಲಿ ಏರುವ ಮೆಟ್ಟಿಲು, ಆಂಧ್ರದಲ್ಲಿ ಇಳಿಯುವ ಮೆಟ್ಟಿಲು, ಬಿಹಾರದಲ್ಲಿ ಸಪಾಟು ನೆಲ. ಒಮ್ಮೆ ಏರಿದ ಮೆಟ್ಟಿಲಿನಿಂದ ಕೆಳಗಿಳಿಯುವುದು ಅಪರೂಪ. ಎಂದರೆ ಈ ವರ್ಷದ ಬೆಲೆ ಗೊತ್ತಿದ್ದರೆ ಮುಂದಿನ ವರ್ಷದ್ದನ್ನು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಒಂದು ಚರಾಂಶ ತನ್ನದೇ ಹಿಂದಿನ ವರ್ಷದ ಬೆಲೆಗೆ ಹೀಗೆ ಅಂಟಿಕೊಂಡಿರುವುದನ್ನೇ ಸ್ವಸಹಸಂಬಂಧ ಎನ್ನುವುದು. ಇಲ್ಲಿ ಅದು 1ಕ್ಕೆ ತೀರಾ ಹತ್ತಿರ.

ಈಗ ಇನ್ನೊಂದು ಬದಿ. ನೋಂದಾಯಿತ ಕಾರ್ಖಾನೆಗಳ ತಲಾ ಉತ್ಪಾದನೆಯ ಲಾಗ್ ಕೂಡ ಮೆಲ್ಲಗೆ ಸರಿಯುವ ಸಂಗತಿ. ಬೆಂಗಳೂರನ್ನೇ ನೋಡಿ: 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಾರ್ಖಾನೆಗಳ ಸುತ್ತ ಬೆಳೆದ ಸಣ್ಣ ಘಟಕಗಳು, ನುರಿತ ಕೆಲಸಗಾರರು, ತಾಂತ್ರಿಕ ಶಿಕ್ಷಣ ಎಲ್ಲವೂ ದಶಕಗಳ ಕಾಲ ರಾಜ್ಯದ ಉತ್ಪಾದನೆಯನ್ನು ಮೇಲಕ್ಕೆ ತಳ್ಳಿದವು. ಇದಕ್ಕೂ ವಿಧಾನಸೌಧದಲ್ಲಿ ಅಂಗೀಕಾರವಾದ ಯಾವುದೇ ತಿದ್ದುಪಡಿಗೂ ಸಂಬಂಧವಿರಬೇಕಿಲ್ಲ. ಅತ್ತ ಬಂಗಾಳದ ಕಥೆ ತಿರುಗುಮುರುಗು. 1950ರ ದಶಕದಿಂದ ಉಕ್ಕಿಗೆ ದೇಶವಿಡೀ ಒಂದೇ ಸಾಗಣೆ ದರ ಬಂದಾಗ ಪೂರ್ವ ಭಾರತದ ಅನುಕೂಲ ಕರಗಿತು. 1960ರ ದಶಕದ ನಡುವಿನಲ್ಲಿ ರೈಲ್ವೆ ಆರ್ಡರುಗಳು ಇಳಿದು ಎಂಜಿನಿಯರಿಂಗ್ ಉದ್ಯಮ ನೆಲಕಚ್ಚಿತು. 1967ರ ಸಂಯುಕ್ತ ರಂಗ ಸರ್ಕಾರದ ಕಾಲದಲ್ಲಿ ಘೇರಾವ್ ದಿನದ ಸುದ್ದಿಯಾಯಿತು. ಎಡರಂಗ ಅಧಿಕಾರಕ್ಕೆ ಬಂದದ್ದು 1977ರಲ್ಲಿ, ಕುಸಿತ ಶುರುವಾಗಿ ಎಷ್ಟೋ ಕಾಲವಾದ ಮೇಲೆ.

ಒಂದೆಡೆ ಮೆಟ್ಟಿಲು, ಇನ್ನೊಂದೆಡೆ ಇಳಿಜಾರು. ಇವೆರಡನ್ನು ಒಂದರ ಮೇಲೊಂದು ಇಟ್ಟು ರಿಗ್ರೆಷನ್ ಮಾಡಿದರೆ ಏನಾಗುತ್ತದೆಂದು ಕಾಗದದ ಮೇಲೇ ಲೆಕ್ಕ ಹಾಕಬಹುದು. ಇದು ನಾನು ಕಟ್ಟಿದ ಉದಾಹರಣೆ, ಯಾವ ನಿಜ ರಾಜ್ಯದ ಅಂಕಿಯೂ ಅಲ್ಲ. ಎರಡು ರಾಜ್ಯಗಳಿವೆ. ಒಂದು ರಾಜ್ಯ ಇನ್ನೊಂದಕ್ಕಿಂತ ಪ್ರತಿ ವರ್ಷ ಶೇ 2ರಷ್ಟು ನಿಧಾನವಾಗಿ ಬೆಳೆಯುತ್ತದೆ, 35 ವರ್ಷವೂ ಒಂದೇ ಸಮನೆ. ಕಾನೂನಿಗೆ ಯಾವ ಪರಿಣಾಮವೂ ಇಲ್ಲ ಎಂದಿಟ್ಟುಕೊಳ್ಳಿ. ನಿಧಾನ ರಾಜ್ಯವು ಏಳೇಳು ವರ್ಷಕ್ಕೊಮ್ಮೆ ಕಾರ್ಮಿಕರ ಪರ ಒಂದು ತಿದ್ದುಪಡಿ ತರುತ್ತದೆ. ಸೂಚ್ಯಂಕ 0, 1, 2, 3, 4 ಎಂದು ಏರುತ್ತದೆ, ಇನ್ನೊಂದು ರಾಜ್ಯದಲ್ಲಿ 0 ಆಗಿಯೇ ಉಳಿಯುತ್ತದೆ. ಎರಡು ರಾಜ್ಯಗಳ ಲಾಗ್ ಉತ್ಪಾದನೆಯ ಅಂತರ ಒಂದು ಏಳು ವರ್ಷದ ಕಂತಿನಿಂದ ಮುಂದಿನದಕ್ಕೆ ಸರಾಸರಿ 7 × 0.02, ಅಂದರೆ 0.14ರಷ್ಟು ಹಿಗ್ಗುತ್ತದೆ. ರಾಜ್ಯಕ್ಕೊಂದು, ವರ್ಷಕ್ಕೊಂದು ಸ್ಥಿರ ಪರಿಣಾಮ ಹಾಕಿದ ರಿಗ್ರೆಷನ್ ಆಗ ಪ್ರತಿ ತಿದ್ದುಪಡಿಯ ಬೆಲೆ ಸರಿಯಾಗಿ −0.14 ಎಂದು ಹೇಳುತ್ತದೆ. ಪರಿಣಾಮ ಸೊನ್ನೆ ಎಂದು ನಾವೇ ಕಟ್ಟಿದ ಜಗತ್ತಿನಲ್ಲಿ, ಒಂದೊಂದು ತಿದ್ದುಪಡಿಯೂ ಉತ್ಪಾದನೆಯ ಶೇ 13ರಷ್ಟನ್ನು ನುಂಗಿತೆಂಬ ಉತ್ತರ!

ರಾಜ್ಯದ ಸ್ಥಿರ ಪರಿಣಾಮ ಹಾಕಿದ ಮೇಲೆ ರಾಜ್ಯಗಳ ನಡುವಿನ ವ್ಯತ್ಯಾಸ ಹೋಯಿತಲ್ಲ ಎಂದು ಕೇಳುವವರಿದ್ದಾರೆ. ಅದು ತೆಗೆಯುವುದು ಮಟ್ಟದ ವ್ಯತ್ಯಾಸವನ್ನು ಮಾತ್ರ. ವರ್ಷದ ಸ್ಥಿರ ಪರಿಣಾಮ ತೆಗೆಯುವುದು ಎಲ್ಲ ರಾಜ್ಯಗಳಿಗೂ ಸಮಾನವಾದ ಏರಿಳಿತವನ್ನು ಮಾತ್ರ. ಒಂದೊಂದು ರಾಜ್ಯದ ಓಟದ ವೇಗ ಬೇರೆ ಬೇರೆ ಇದ್ದರೆ ಆ ವ್ಯತ್ಯಾಸ ಎರಡೂ ಜರಡಿಗಳಿಂದ ಸೋರಿ ಗುಣಾಂಕದೊಳಗೆ ಬಂದು ಕೂರುತ್ತದೆ.

ಈಗ ಪ್ರಬಂಧದ ನಿಜವಾದ ಅಂಕಿಗಳಿಗೆ ಬರೋಣ. ನೋಂದಾಯಿತ ಉತ್ಪಾದನೆಗೆ ನಾಲ್ಕು ಅಂದಾಜುಗಳಿವೆ. ರಾಜ್ಯ ಮತ್ತು ವರ್ಷದ ಸ್ಥಿರ ಪರಿಣಾಮಗಳು ಮಾತ್ರ ಇದ್ದಾಗ ಗುಣಾಂಕ −0.186, ಅದರ ಅನಿಶ್ಚಿತತೆಯನ್ನು ಅಳೆಯುವ ಪ್ರಮಾಣಿತ ದೋಷ 0.064. ಸೂಚ್ಯಂಕದ ಒಂದು ಅಂಕಕ್ಕೆ ಉತ್ಪಾದನೆ ಸುಮಾರು ಶೇ 17 ಕಡಿಮೆ ಎಂದು ಇದರ ಅರ್ಥ. ಅಭಿವೃದ್ಧಿ ವೆಚ್ಚ, ವಿದ್ಯುತ್ ಸಾಮರ್ಥ್ಯ, ಜನಸಂಖ್ಯೆ ಸೇರಿಸಿದಾಗಲೂ ಗುಣಾಂಕ ಅಲ್ಲಾಡುವುದಿಲ್ಲ: −0.185, ದೋಷ 0.051. ಯಾವ ಪಕ್ಷ ಎಷ್ಟು ವರ್ಷ ಬಹುಮತದಲ್ಲಿತ್ತು ಎಂಬುದನ್ನು ಸೇರಿಸಿದಾಗ −0.104ಕ್ಕೆ ಇಳಿಯುತ್ತದೆ, ದೋಷ 0.039. ಕೊನೆಗೆ ಪ್ರತಿ ರಾಜ್ಯಕ್ಕೂ ಅದರದೇ ನೇರ ಕಾಲಪ್ರವೃತ್ತಿಯನ್ನು ಕೊಟ್ಟಾಗ ಗುಣಾಂಕ 0.0002, ದೋಷ 0.020.

ಮೂರನೆಯ ಅಂದಾಜೇ ಎಚ್ಚರಿಕೆಯ ಗಂಟೆ. ಪಕ್ಷಗಳು ಅಧಿಕಾರದಲ್ಲಿದ್ದ ವರ್ಷಗಳ ಎಣಿಕೆ ಕೂಡ ಕೂಡುತ್ತ ಹೋಗುವ ಸಂಖ್ಯೆಯೇ, ಅದೂ ಮೆಟ್ಟಿಲೇ. ಒಂದು ಮೆಟ್ಟಿಲಿನ ಪಕ್ಕ ಇನ್ನೊಂದನ್ನು ಇಟ್ಟೊಡನೆ ಮೊದಲನೆಯದರ ಗುಣಾಂಕ ಹತ್ತಿರ ಹತ್ತಿರ ಅರ್ಧಕ್ಕೆ ಕುಸಿದರೆ, ಅದು ಇಷ್ಟು ಹೊತ್ತೂ ಹೊತ್ತಿದ್ದದ್ದು ಕಾನೂನಿನ ಭಾರವೋ, ಕಾಲದ ಭಾರವೋ ಎಂದು ಅನುಮಾನಿಸಬೇಕು.

ನಾಲ್ಕನೆಯದನ್ನು ಓದುವಾಗ ಬಹಳಷ್ಟು ಜನ ಗುಣಾಂಕವನ್ನು ಮಾತ್ರ ನೋಡಿ, ಪ್ರಮಾಣಿತ ದೋಷವನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಪಾಠವಿರುವುದು ಆ ದೋಷದಲ್ಲೇ. ರಾಜ್ಯವಾರು ಪ್ರವೃತ್ತಿ ಸೇರಿಸಿದಾಗ ಫಲಿತಾಂಶ ಮಾಯವಾದರೆ ಲೇಖಕರು ಸಾಮಾನ್ಯವಾಗಿ ಕೊಡುವ ಸಬೂಬು ಒಂದಿದೆ: ದತ್ತಾಂಶದಲ್ಲಿ ಉಳಿದ ವ್ಯತ್ಯಾಸ ತೀರಾ ಕಡಿಮೆಯಾಯಿತು, ಹಾಗಾಗಿ ಅಂದಾಜು ಮಬ್ಬಾಯಿತು ಎಂದು. ಹಾಗಾಗಿದ್ದರೆ ದೋಷ ಉಬ್ಬಬೇಕಿತ್ತು, ಗುಣಾಂಕ −0.18ರ ಆಸುಪಾಸಿನಲ್ಲೇ ಇದ್ದು ಅನಿಶ್ಚಿತವಾಗಬೇಕಿತ್ತು. ಇಲ್ಲಿ ಆದದ್ದು ಅದರ ವಿರುದ್ಧ. ದೋಷ 0.064ರಿಂದ 0.020ಕ್ಕೆ, ಮೂರನೆಯ ಒಂದು ಪಾಲಿಗೂ ಕೆಳಗೆ ಇಳಿಯಿತು. ಮೊದಲ ಅಂದಾಜಿನಲ್ಲಿ ಶೇಷವಾಗಿ, ಎಂದರೆ ವಿವರಣೆಗೆ ಸಿಗದೆ, ಉಳಿದಿದ್ದರ ಬಹುಪಾಲು ರಾಜ್ಯಗಳ ಸ್ವಂತ ಪ್ರವೃತ್ತಿಯೇ ಆಗಿತ್ತು, ಅದನ್ನು ತೆಗೆದಾಗ ಗದ್ದಲ ಅಡಗಿತು ಎಂದು ಇದು ಹೇಳುತ್ತದೆ. ಅಡಗಿದ ಮೇಲೆ ಕಂಡದ್ದು ಸೊನ್ನೆ. ಆ ದೋಷವನ್ನು ಹಾಗೆಯೇ ನಂಬಿದರೆ −0.10 ಕೂಡ ಸಾಧ್ಯತೆಯ ಹೊರಗೆ ಬೀಳುತ್ತದೆ. ಜೋಶುವಾ ಆಂಗ್ರಿಸ್ಟ್ ಮತ್ತು ಯೋರ್ನ್-ಸ್ಟೆಫೆನ್ ಪಿಷ್ಕೆ 2009ರ ತಮ್ಮ ಪಠ್ಯಪುಸ್ತಕದಲ್ಲಿ ಈ ನಾಲ್ಕು ಅಂಕಿಗಳನ್ನೇ ಎತ್ತಿ ತೋರಿಸಿ, ಹೇಗಿದ್ದರೂ ಉತ್ಪಾದನೆ ಇಳಿಯುತ್ತಿದ್ದ ರಾಜ್ಯಗಳಲ್ಲಿ ಈ ನಿಯಂತ್ರಣಗಳು ಹೆಚ್ಚಿದಂತೆ ಕಾಣುತ್ತದೆ ಎಂದು ಓದಿದರು.

ಇಲ್ಲಿಯವರೆಗೆ ಹೇಳಿದ್ದು ಹುಸಿ ಪ್ರವೃತ್ತಿಯ ಕಾಯಿಲೆ. ಅದು ಗುಣಾಂಕವನ್ನೇ ಜಾಗ ಬಿಟ್ಟು ಸರಿಸುತ್ತದೆ. ಸ್ವಸಹಸಂಬಂಧದ ಕಾಯಿಲೆ ಬೇರೆ: ಅದು ಗುಣಾಂಕವನ್ನು ಮುಟ್ಟದೆ ನಮ್ಮ ಖಾತರಿಯನ್ನು ಉಬ್ಬಿಸುತ್ತದೆ. ವಿಚಿತ್ರವೆಂದರೆ, ಈ ಎರಡನೆಯ ಕಾಯಿಲೆಯ ಬಗ್ಗೆ ಅತ್ಯಂತ ಹೆಸರಾದ ಪ್ರಬಂಧ ಅದೇ ಪತ್ರಿಕೆಯ ಅದೇ ಫೆಬ್ರುವರಿ ಸಂಚಿಕೆಯಲ್ಲಿ, ಸುಮಾರು ನೂರೈವತ್ತು ಪುಟ ಮುಂದೆ ಇದೆ. ಮರಿಯಾನ್ ಬರ್ಟ್ರಾಂಡ್, ಎಸ್ತರ್ ಡುಫ್ಲೊ, ಸೆಂಥಿಲ್ ಮುಲ್ಲೈನಾಥನ್ ಅಮೆರಿಕದ ಮಹಿಳೆಯರ 1979ರಿಂದ 1999ರವರೆಗಿನ ವೇತನದ ದತ್ತಾಂಶ ತೆಗೆದುಕೊಂಡು, ಎಂದೂ ಜಾರಿಗೆ ಬರದ ಕಾನೂನುಗಳನ್ನು ಲಾಟರಿ ಎತ್ತಿದಂತೆ ರಾಜ್ಯಗಳಿಗೆ ಹಂಚಿದರು. ಶೇ 5ರ ಮಟ್ಟದಲ್ಲಿ ಪರೀಕ್ಷಿಸಿದಾಗ ನೂರಕ್ಕೆ ಐದು ಸಲ ಮಾತ್ರ ತಪ್ಪಾಗಿ ಪರಿಣಾಮ ಕಾಣಬೇಕಿತ್ತು. ಕಂಡದ್ದು ಶೇ 45ರವರೆಗೆ.

ಕಾರಣ ಸರಳ. 16 ರಾಜ್ಯಗಳ 35 ವರ್ಷಗಳಲ್ಲಿ ಅಂಕಿ ಸಿಗದವನ್ನು ಬಿಟ್ಟರೆ ಉಳಿಯುವುದು ಸುಮಾರು 500 ಸಾಲುಗಳ ದತ್ತಾಂಶ. ಸಾಮಾನ್ಯ ಸೂತ್ರ ಆ 500ನ್ನೂ ಸ್ವತಂತ್ರ ಸಾಕ್ಷಿಗಳೆಂದು ಎಣಿಸುತ್ತದೆ. ಆದರೆ ಬಂಗಾಳದ 1981ರ ಸಾಲು 1980ರದ್ದನ್ನೇ ಮತ್ತೆ ಹೇಳುತ್ತಿರುತ್ತದೆ. ಎಷ್ಟು ಮಟ್ಟಿಗೆ ಎಂಬುದನ್ನು ಅಂದಾಜು ಮಾಡಲು ಒಂದು ಸೂತ್ರ ಸಾಕು. ಚರಾಂಶದ ಸ್ವಸಹಸಂಬಂಧ ρx, ಶೇಷದ್ದು ρu ಎಂದಾದರೆ, ಗುಣಾಂಕದ ವೇರಿಯನ್ಸ್, ಅಂದರೆ ಪ್ರಮಾಣಿತ ದೋಷದ ವರ್ಗ, ಸಾಮಾನ್ಯ ಸೂತ್ರ ಹೇಳಿದ್ದಕ್ಕಿಂತ ಸುಮಾರು ಇಷ್ಟು ಪಟ್ಟು ಹೆಚ್ಚಿರುತ್ತದೆ:

```
(1 + ρx·ρu) / (1 − ρx·ρu)
```

ಮೆಟ್ಟಿಲಿಗೆ 0.95, ಶೇಷಕ್ಕೆ 0.8 ಎಂದು ಹಾಕಿ ನೋಡಿ. ಗುಣಲಬ್ಧ 0.76, ಉತ್ತರ ಏಳು ಪಟ್ಟಿಗಿಂತ ತುಸು ಹೆಚ್ಚು. ವರ್ಗಮೂಲ ತೆಗೆದರೆ ಪ್ರಮಾಣಿತ ದೋಷ 2.7 ಪಟ್ಟು ಹೆಚ್ಚಿರಬೇಕಿತ್ತು ಎಂದಾಯಿತು. 500 ಸಾಲುಗಳಿಗೆ 70ರಷ್ಟು ಸಾಕ್ಷಿಗಳ ಬೆಲೆ. ಸೂತ್ರದಲ್ಲಿ ಗಮನಿಸಬೇಕಾದದ್ದು ಗುಣಾಕಾರದ ಗುರುತು. ಶೇಷ ಎಷ್ಟೇ ಅಂಟಾಗಿರಲಿ, ಚರಾಂಶ ವರ್ಷವರ್ಷವೂ ಮನಬಂದಂತೆ ಹಾರುತ್ತಿದ್ದರೆ (ಮಳೆಯ ಹಾಗೆ) ಹಾನಿ ಅಷ್ಟಿಲ್ಲ. ಕಾನೂನು, ಪಕ್ಷ, ಸಾಕ್ಷರತೆ, ರಸ್ತೆಯ ಉದ್ದ ಇಂತಹ ಮೆಲ್ಲನೆಯ ಚರಾಂಶಗಳಲ್ಲಿ ಮಾತ್ರ ಎರಡೂ ಕೈಜೋಡಿಸುತ್ತವೆ. ಇನ್ನು ಈ ಕೋಷ್ಟಕಗಳ ತಳದಲ್ಲಿ 0.9 ಮೀರಿ ನಿಲ್ಲುವ ಆರ್-ವರ್ಗವನ್ನು ನೋಡಿ ಯಾರೂ ಮರುಳಾಗಬೇಕಿಲ್ಲ. ಅದರಲ್ಲಿ ಹೆಚ್ಚಿನದು ರಾಜ್ಯ ಮತ್ತು ವರ್ಷದ ಸ್ಥಿರ ಪರಿಣಾಮಗಳ ಗಳಿಕೆ.

ಬೆಸ್ಲಿ ಮತ್ತು ಬರ್ಜೆಸ್ ಈ ಕಾಯಿಲೆಗೆ ಮದ್ದು ಮಾಡಿದ್ದರು. ಅವರ ಪ್ರಮಾಣಿತ ದೋಷಗಳನ್ನು ರಾಜ್ಯದ ಮಟ್ಟದಲ್ಲಿ ಕ್ಲಸ್ಟರ್ ಮಾಡಲಾಗಿದೆ. ಒಂದು ರಾಜ್ಯದ ಎಲ್ಲ ವರ್ಷಗಳನ್ನೂ ಒಂದೇ ಗಂಟಾಗಿ ಪರಿಗಣಿಸುವ ವಿಧಾನವದು. ಹಾಗಿದ್ದರೂ ಫಲಿತಾಂಶ ನಾಲ್ಕನೆಯ ಅಂದಾಜಿನಲ್ಲಿ ಕರಗಿತು. ಕ್ಲಸ್ಟರ್ ಮಾಡಿದ್ದೇವೆ ಎಂದು ಒಂದು ಸಾಲು ಬರೆದು ನಿರಾಳವಾಗುವ ಇಂದಿನ ಪ್ರಬಂಧಗಳಿಗೆ ಇಲ್ಲಿ ಒಂದು ಕಿವಿಮಾತಿದೆ. ರಾಜ್ಯಗಳ ಓಟದ ವೇಗ ಬೇರೆ ಬೇರೆ ಇದ್ದು, ಆ ವೇಗಕ್ಕೂ ತಿದ್ದುಪಡಿಗೂ ಕೇವಲ ಕಾಕತಾಳೀಯ ಹೊಂದಾಣಿಕೆ ಇದ್ದರೆ, ಸಾಕಷ್ಟು ರಾಜ್ಯಗಳಿರುವಾಗ ಕ್ಲಸ್ಟರಿಂಗ್ ಅದನ್ನು ಸಂಭಾಳಿಸುತ್ತದೆ. ಕುಸಿಯುತ್ತಿರುವ ಉದ್ಯಮದಲ್ಲಿ ಕೆಲಸ ಕಳೆದುಕೊಳ್ಳುತ್ತಿರುವವರು ರಕ್ಷಣೆ ಕೇಳಿದ್ದರಿಂದಲೇ ತಿದ್ದುಪಡಿ ಬಂದಿದ್ದರೆ ಅದು ಕಾಕತಾಳೀಯವಲ್ಲ. ಆಗ ಯಾವ ಪ್ರಮಾಣಿತ ದೋಷವೂ ನೆರವಿಗೆ ಬರುವುದಿಲ್ಲ, ಏಕೆಂದರೆ ತಪ್ಪಿರುವುದು ಗುಣಾಂಕದಲ್ಲಿ.

ಸಾಕಷ್ಟು ರಾಜ್ಯಗಳು ಎಂಬ ಮಾತೂ ಇಲ್ಲಿ ಅನುಮಾನಾಸ್ಪದ. ಕ್ಲಸ್ಟರುಗಳು 16 ಮಾತ್ರ, ಅವುಗಳಲ್ಲೂ ಸೂಚ್ಯಂಕ ಅಲುಗಿದ್ದು ಹತ್ತರಲ್ಲಿ. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಆದಿತ್ಯ ಭಟ್ಟಾಚಾರ್ಜಿಯಾ 2006ರಲ್ಲಿ ಮೂಲ ತಿದ್ದುಪಡಿಗಳನ್ನೇ ತೆರೆದು ಓದಿ ಬರೆದ ವಿಮರ್ಶೆ ಈ ದೃಷ್ಟಿಯಿಂದ ಅಮೂಲ್ಯ. ಗುಜರಾತ್ ಕಾರ್ಮಿಕರ ಪರ ರಾಜ್ಯವಾದದ್ದು 1973ರ ಒಂದೇ ಒಂದು ತಿದ್ದುಪಡಿಯಿಂದ. ಜಂಟಿ ನಿರ್ವಹಣಾ ಮಂಡಳಿಗೆ ಪ್ರತಿನಿಧಿಗಳನ್ನು ನೇಮಿಸದ ಮಾಲೀಕರಿಗೆ ದಿನಕ್ಕೆ 50 ರೂಪಾಯಿ ದಂಡ ವಿಧಿಸುವ ತಿದ್ದುಪಡಿ ಅದು. ಅಷ್ಟರಿಂದ ಒಂದು ರಾಜ್ಯದ ಉತ್ಪಾದನೆ ಶೇ 17 ಕುಸಿಯುತ್ತದೆ ಎಂದು ನಂಬಲು ಧೈರ್ಯ ಬೇಕು. ಬದಲಾದ ಘಟಕಗಳು ಹತ್ತೇ ಇರುವಾಗ, ಒಂದೊಂದರ ಇತಿಹಾಸವನ್ನೂ ಹೀಗೆ ಕೈಯಾರೆ ಓದುವುದು ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಿಂತಲೂ ಕಡಿಮೆಯಲ್ಲ.

ಇಂತಹದೇ ದತ್ತಾಂಶ ನಿಮ್ಮ ಕೈಯಲ್ಲಿದ್ದರೆ ಮೊದಲ ತಪಾಸಣೆಗೆ R ಭಾಷೆಯ ಕೆಲವೇ ಸಾಲುಗಳು ಸಾಕು. `ly` ಲಾಗ್ ಉತ್ಪಾದನೆ, `reg_l1` ಹಿಂದಿನ ವರ್ಷದ ಸೂಚ್ಯಂಕ ಎಂದಿಟ್ಟುಕೊಳ್ಳಿ:

```r
library(fixest)
d  <- d[order(d$state, d$year), ]
m1 <- feols(ly ~ reg_l1 | state + year, d, cluster = ~state)
m2 <- feols(ly ~ reg_l1 | state[year] + year, d, cluster = ~state)

d$u  <- resid(m1, na.rm = FALSE)
d$ul <- ave(d$u, d$state, FUN = function(v) c(NA, head(v, -1)))
coef(lm(u ~ ul, data = d))["ul"]
```

`m2` ಪ್ರತಿ ರಾಜ್ಯಕ್ಕೂ ಅದರದೇ ಇಳಿಜಾರನ್ನು ಕೊಡುತ್ತದೆ. ಕೊನೆಯ ಸಾಲು ಮೊದಲ ಅಂದಾಜಿನ ಶೇಷದ ಸ್ವಸಹಸಂಬಂಧವನ್ನು ತೋರಿಸುತ್ತದೆ. ಅದು 0.2ರ ಕೆಳಗಿದ್ದರೆ ನಾನು ಮುಂದೆ ಹೋಗುತ್ತೇನೆ. 0.7 ದಾಟಿದರೆ, ರಾಜ್ಯವೊಂದರ ಶೇಷವನ್ನು ಕಾಲದ ಎದುರು ಚಿತ್ರ ಬರೆದು ನೋಡದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಶೇಷ ಒಂದು ತುದಿಯಲ್ಲಿ ಸೊನ್ನೆಯ ಮೇಲೆ, ಇನ್ನೊಂದು ತುದಿಯಲ್ಲಿ ಕೆಳಗೆ ಇದ್ದರೆ ಅಲ್ಲಿ ತೆಗೆಯದೆ ಬಿಟ್ಟ ಪ್ರವೃತ್ತಿ ಇದೆ. ದತ್ತಾಂಶ ಕೈಯಲ್ಲಿಲ್ಲದ ಓದುಗರು ಏಕ ಕಾಲಶ್ರೇಣಿಯ ಪ್ರಬಂಧಗಳಲ್ಲಿ ಶೇಷದ ಸ್ವಸಹಸಂಬಂಧವನ್ನು ಅಳೆಯುವ ಡರ್ಬಿನ್-ವಾಟ್ಸನ್ ಅಂಕವನ್ನು ಹುಡುಕಬಹುದು. ಆರ್-ವರ್ಗ ಅದಕ್ಕಿಂತ ದೊಡ್ಡದಿದ್ದರೆ ಸಂಶಯಪಡಿ ಎಂಬುದು ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲಿ ಕೊಟ್ಟ ಒರಟು ನಿಯಮ. ಒರಟಾದರೂ ಇಂದಿಗೂ ಕೆಲಸಕ್ಕೆ ಬರುತ್ತದೆ.

ಹಾಗಾದರೆ ನಾಲ್ಕನೆಯ ಅಂದಾಜು ಬಂದೊಡನೆ ವಿಚಾರಣೆ ಮುಗಿಯಿತೇ? ವಿಮರ್ಶಕರು ಇಲ್ಲಿಯೇ ಆತುರಪಡುತ್ತಾರೆ. ರಾಜ್ಯವಾರು ಪ್ರವೃತ್ತಿ ಹಾಕಿದಾಗ ಸೊನ್ನೆ ಬಂತು, ಆದ್ದರಿಂದ ಪರಿಣಾಮವಿಲ್ಲ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ತಪ್ಪೆಂದು ತೋರಿಸಲು ಮತ್ತೊಂದು ಕಟ್ಟಿದ ಉದಾಹರಣೆ ಸಾಕು.

ಈ ಸಲ ಕಾನೂನಿಗೆ ನಿಜವಾದ ಪರಿಣಾಮವಿದೆ. ಅವಧಿಯ ನಟ್ಟನಡುವೆ ಒಂದೇ ತಿದ್ದುಪಡಿ ಬರುತ್ತದೆ. ಅದಕ್ಕೆ ಮುಂಚೆ ಎರಡು ರಾಜ್ಯಗಳೂ ಸಮವಾಗಿ ಓಡುತ್ತಿದ್ದವು. ತಿದ್ದುಪಡಿಯ ನಂತರ ಹೊಸ ಹೂಡಿಕೆ ಬೇರೆಡೆ ಹೋಗಿ, ಈ ರಾಜ್ಯದ ಬೆಳವಣಿಗೆ ವರ್ಷಕ್ಕೆ ಶೇ 2 ಕಡಿಮೆಯಾಗುತ್ತದೆ. ಕಾರ್ಖಾನೆ ಒಂದೇ ರಾತ್ರಿಯಲ್ಲಿ ಮುಚ್ಚುವುದಿಲ್ಲ, ಹೊಸದು ಬರುವುದು ನಿಲ್ಲುತ್ತದೆ. ಹಾಗಾಗಿ ಪರಿಣಾಮ ಹೀಗೆ ಮೆಲ್ಲಗೆ ಹರಡುವುದೇ ಸಹಜ. ಈ ದತ್ತಾಂಶಕ್ಕೆ ರಾಜ್ಯವಾರು ನೇರ ಪ್ರವೃತ್ತಿ ಮತ್ತು ಮೆಟ್ಟಿಲು ಎರಡನ್ನೂ ಕೊಟ್ಟರೆ, ಪ್ರವೃತ್ತಿಯು ವರ್ಷಕ್ಕೆ ಶೇ 1ರ ಇಳಿಕೆಯನ್ನು 35 ವರ್ಷಕ್ಕೂ ಹಂಚಿಕೊಂಡು ನುಂಗುತ್ತದೆ. ಮೆಟ್ಟಿಲಿನ ಪಾಲಿಗೆ ಬರುವುದು ಹೆಚ್ಚುಕಡಿಮೆ ಸೊನ್ನೆ. ನಡುವಿನ ವರ್ಷದಿಂದ ಕಾಲವನ್ನು ಅಳೆದರೆ, ಅಲ್ಲಿಂದ ಶುರುವಾಗುವ ಇಳಿಜಾರು ಅರ್ಧ ನೇರ ಗೆರೆ, ಅರ್ಧ ಎರಡೂ ಬದಿಗೆ ಸಮನಾಗಿ ಇಳಿಯುವ ಹೆಂಚಿನ ಮನೆಯ ಮಾಡಿನಾಕಾರ. ಮಾಡಿನ ಎರಡು ಬದಿಗಳು ಒಂದೇ ಸಮ, ಮೆಟ್ಟಿಲಿನ ಎರಡು ಬದಿಗಳು ಬೇರೆ ಬೇರೆ. ಆದ್ದರಿಂದ ಮಾಡು ಮೆಟ್ಟಿಲಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ.

ಎರಡು ತದ್ವಿರುದ್ಧ ಜಗತ್ತುಗಳು, ನಾಲ್ಕನೆಯ ಅಂದಾಜಿನಲ್ಲಿ ಒಂದೇ ಸೊನ್ನೆ. ಇದು ಬರೀ ಕಲ್ಪನೆಯಲ್ಲ. ಅಮೆರಿಕದಲ್ಲಿ ಒಬ್ಬರೇ ಬಯಸಿದರೂ ವಿಚ್ಛೇದನ ಪಡೆಯಬಹುದೆಂಬ ಕಾನೂನುಗಳನ್ನು ಕುರಿತ ಚರ್ಚೆಯಲ್ಲಿ ಜಸ್ಟಿನ್ ವುಲ್ಫರ್ಸ್ 2006ರಲ್ಲಿ ಎತ್ತಿದ ಆಕ್ಷೇಪ ಇದೇ ಬಗೆಯದು: ರಾಜ್ಯವಾರು ಪ್ರವೃತ್ತಿಯು ಹಳೆಯ ಒಲವನ್ನು ಮಾತ್ರ ತೆಗೆಯದೆ, ಕಾನೂನಿನ ನಂತರ ಹಂತಹಂತವಾಗಿ ತೆರೆದುಕೊಳ್ಳುವ ಪರಿಣಾಮವನ್ನೂ ಕಲಸಿಬಿಡುತ್ತದೆ. ಕಾನೂನು ಬಂದ ಹೊಸತರಲ್ಲಿ ವಿಚ್ಛೇದನ ಏರಿ, ಸುಮಾರು ಒಂದು ದಶಕದಲ್ಲಿ ಆ ಏರಿಕೆ ಇಳಿದುಹೋಯಿತು ಎಂದು ಅವರು ತೋರಿಸಿದರು.

ಎರಡು ಜಗತ್ತುಗಳನ್ನು ಬೇರ್ಪಡಿಸುವುದು ಕಾಲ. ಮೊದಲ ಜಗತ್ತಿನಲ್ಲಿ ಪ್ರವೃತ್ತಿ ತೆಗೆದ ಮೇಲೆ ಶೇಷದಲ್ಲಿ ಯಾವ ಆಕಾರವೂ ಉಳಿಯುವುದಿಲ್ಲ. ಎರಡನೆಯದರಲ್ಲಿ ತಿದ್ದುಪಡಿಯ ವರ್ಷಕ್ಕೇ ಶಿಖರವಿರುವ ಮಾಡು ಉಳಿಯುತ್ತದೆ. ಆದ್ದರಿಂದ ಈ ಪ್ರಕರಣದಲ್ಲಿ ನಾನು ಕೇಳುವ ಅಂದಾಜು ಐದನೆಯದು: ಪ್ರವೃತ್ತಿಯನ್ನು ಇಡೀ ಅವಧಿಯಿಂದ ಎಳೆಯದೆ, ಪ್ರತಿ ರಾಜ್ಯದ ಮೊದಲ ತಿದ್ದುಪಡಿಗೆ ಮುಂಚಿನ ವರ್ಷಗಳಿಂದ ಮಾತ್ರ ಎಳೆದು, ಅದನ್ನು ಮುಂದಕ್ಕೆ ಚಾಚಿ, ನಂತರದ ಉತ್ಪಾದನೆ ಆ ಗೆರೆಯಿಂದ ಎಷ್ಟು ದೂರ ಬಿತ್ತು ಎಂದು ಅಳೆಯುವುದು. ಇದರ ಮಿತಿಯೂ ಗೊತ್ತಿರಲಿ. ತಿದ್ದುಪಡಿಗೆ ಮುಂಚೆ ಐದಾರು ವರ್ಷಗಳಷ್ಟೇ ಇದ್ದರೆ ಆ ಗೆರೆಯನ್ನು ಇಪ್ಪತ್ತು ವರ್ಷ ಮುಂದಕ್ಕೆ ಚಾಚುವುದು ದುಸ್ಸಾಹಸ. ಅಂತಹ ಕಡೆ ಇನ್ನೊಂದು ದಾರಿ ಹಿಡಿಯಬೇಕು: ಇಂದಿನ ಸೂಚ್ಯಂಕದ ಜೊತೆಗೆ ಎರಡು, ನಾಲ್ಕು ವರ್ಷ ಮುಂದಿನ ಸೂಚ್ಯಂಕವನ್ನೂ ರಿಗ್ರೆಷನ್ನಿಗೆ ಸೇರಿಸುವುದು. ಇನ್ನೂ ಬರದ ತಿದ್ದುಪಡಿ ಇಂದಿನ ಉತ್ಪಾದನೆಯನ್ನು ಇಳಿಸುತ್ತಿರುವಂತೆ ಕಂಡರೆ ಕಾರಣ ಎಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಂಗಾಳದ ಇತಿಹಾಸ ಓದಿದ ಮೇಲೆ ನನ್ನ ಪಂದ್ಯ ಆ ಕಡೆಗೇ.

ಪ್ರಬಂಧದ ಪರವಾಗಿ ಹೇಳಬೇಕಾದ ಒಂದು ಗಟ್ಟಿ ಮಾತಿದೆ. ಅದೇ ರಾಜ್ಯಗಳಲ್ಲಿ, ಈ ಕಾಯ್ದೆಯ ಹಿಡಿತಕ್ಕೆ ಸಿಗದ ನೋಂದಾಯಿಸದ ಸಣ್ಣ ಘಟಕಗಳ ಉತ್ಪಾದನೆ ಕುಗ್ಗಲಿಲ್ಲ, ಹೆಚ್ಚಿತು ಎಂದು ಲೇಖಕರು ತೋರಿಸಿದ್ದಾರೆ. ರಾಜ್ಯದ ಆರ್ಥಿಕತೆಯೇ ಒಟ್ಟಾರೆ ಸೊರಗುತ್ತಿದ್ದರೆ ಎರಡೂ ಸೊರಗಬೇಕಿತ್ತಲ್ಲ? ವಾದ ಚುರುಕಾಗಿದೆ, ಆದರೆ ಪೂರ್ತಿ ಸಾಲದು. ದೊಡ್ಡ ಕಾರ್ಖಾನೆಗಳು ಬೇರೆ ಯಾವ ಕಾರಣಕ್ಕೆ ಮುಚ್ಚಿದರೂ ಕೆಲಸ ಸಣ್ಣ ಘಟಕಗಳಿಗೆ ಹರಿಯುತ್ತದೆ. ಸಾಗಣೆ ದರ, ರೈಲ್ವೆ ಆರ್ಡರುಗಳ ಹೊಡೆತ ಬೀಳುವುದೂ ದೊಡ್ಡ ಉದ್ಯಮಕ್ಕೇ. ಎಂದರೆ ನೋಂದಾಯಿಸದ ವಲಯದ ಅಂಕಿಗೂ ಅದೇ ರಾಜ್ಯವಾರು ಇಳಿಜಾರಿನ ಪರೀಕ್ಷೆ ಆಗಬೇಕು.

ಪ್ರಮಾಣಿತ ದೋಷದ ವಿಷಯದಲ್ಲಿ, 16 ಕ್ಲಸ್ಟರುಗಳಿದ್ದಾಗ ನಾನು ನೆಚ್ಚಿಕೊಳ್ಳುವುದು ಅದಲುಬದಲಿನ ಪರೀಕ್ಷೆಯನ್ನು. ಬಂಗಾಳದ 35 ವರ್ಷಗಳ ಮೆಟ್ಟಿಲನ್ನು ಇಡಿಯಾಗಿ ಎತ್ತಿ ಬಿಹಾರಕ್ಕೆ ಕೊಡಿ, ಆಂಧ್ರದ್ದನ್ನು ಪಂಜಾಬಿಗೆ, ಕರ್ನಾಟಕದ್ದನ್ನು ಅಸ್ಸಾಮಿಗೆ. ಹೀಗೆ ಹದಿನಾರನ್ನೂ ಕಲಸಿ, `m1` ಮತ್ತೆ ನಡೆಸಿ, ಗುಣಾಂಕ ಬರೆದಿಡಿ. ಸಾವಿರ ಸಲ ಮಾಡಿ. ವರ್ಷಗಳನ್ನು ಬಿಡಿಬಿಡಿಯಾಗಿ ಕಲಸಬಾರದು, ಹಾಗೆ ಮಾಡಿದರೆ ಮೆಟ್ಟಿಲು ಒಡೆದು ಪರೀಕ್ಷೆ ಸುಳ್ಳು ಧೈರ್ಯ ಕೊಡುತ್ತದೆ. ಇಡೀ ಮೆಟ್ಟಿಲು ಹಾಗೆಯೇ ಉಳಿದರೆ ಸ್ವಸಹಸಂಬಂಧವೂ ಹಾಗೆಯೇ ಉಳಿಯುತ್ತದೆ, ಕಡಿದುಹೋಗುವುದು ಕಾನೂನಿಗೂ ಆ ರಾಜ್ಯಕ್ಕೂ ಇರುವ ನಂಟು ಮಾತ್ರ. ಕಲಸಿದ ಸಾವಿರದಲ್ಲಿ −0.186ನ್ನು ಮೀರಿದವು ಇನ್ನೂರು ಇದ್ದರೆ ಮೊದಲ ಅಂದಾಜಿನ 2.9ರ ಟಿ-ಮೌಲ್ಯಕ್ಕೆ ಬೆಲೆಯಿಲ್ಲ. ಹತ್ತೇ ಇದ್ದರೆ, ಗುಣಾಂಕ ಬರೀ ಅದೃಷ್ಟದಿಂದ ಬಂದದ್ದಲ್ಲ ಎಂದು ಒಪ್ಪಬಹುದು. ಆಗಲೂ ತಿದ್ದುಪಡಿ ಕುಸಿತವನ್ನು ತಂದಿತೋ, ಕುಸಿತವೇ ತಿದ್ದುಪಡಿಯನ್ನು ತಂದಿತೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಸಿಗುವುದು ಮುಂದಿನ ಸೂಚ್ಯಂಕದ ಪರೀಕ್ಷೆಯಿಂದ ಮತ್ತು ತಿದ್ದುಪಡಿಯ ವರ್ಷದಲ್ಲಿ ಶೇಷ ಬಾಗಿತೋ ಇಲ್ಲವೋ ಎಂಬ ಚಿತ್ರದಿಂದ ಮಾತ್ರ.